ಯುಎಸ್‌ಡಿಟಿ ಅಲರ್ಟ್ ದಿನಾ ಹೊಡೆದುಕೊಳ್ಳುತ್ತಿದೆ, ನಿಜವಾದ ತೊಂದರೆ ಬಂದರೆ ಗೊತ್ತಾಗುವುದು ಹೇಗೆ?

ಕುಕ್ಕರಹಳ್ಳಿಕೆರೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕೂತು ಹೊರದೇಶದ ಎರಡು ಕಂಪನಿಗಳಿಗೆ ಡಿಸೈನ್ ಕೆಲಸ ಮಾಡುತ್ತೇನೆ. ಅದರಲ್ಲಿ ಒಬ್ಬರು ದುಡ್ಡನ್ನು ಯುಎಸ್‌ಡಿಟಿಯಲ್ಲಿ, ಅಂದರೆ ಒಂದಕ್ಕೆ ಒಂದು ಡಾಲರ್ ಬೆಲೆ ಇರಬೇಕಾದ ಕ್ರಿಪ್ಟೋ ಕಾಯಿನ್‌ನಲ್ಲಿ, ಕಳಿಸುತ್ತಾರೆ. ಅದು ನಮ್ಮ ದೇಶದ ಒಂದು ಎಕ್ಸ್‌ಚೇಂಜ್‌ನಲ್ಲಿ ಎರಡು ಮೂರು ವಾರ ಇರುತ್ತದೆ, ಆಮೇಲೆ ರೂಪಾಯಿ ಮಾಡಿಕೊಳ್ಳುತ್ತೇನೆ.

ಆ ಎರಡು ಮೂರು ವಾರದಲ್ಲಿ ಏನಾದರೂ ಎಡವಟ್ಟಾದರೆ ಮೊದಲೇ ಗೊತ್ತಾಗಲಿ ಅಂತ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ಐದು ನಿಮಿಷಕ್ಕೊಮ್ಮೆ ಎಕ್ಸ್‌ಚೇಂಜ್‌ನ ಯುಎಸ್‌ಡಿಟಿ ದರ ತೆಗೆದುಕೊಂಡು, ಬ್ಯಾಂಕಿನ ಡಾಲರ್ ದರದಿಂದ ಭಾಗಿಸುತ್ತದೆ. ಶೇಕಡಾ 0.5ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟೆಲಿಗ್ರಾಂಗೆ ಮೆಸೇಜ್. ಮೊದಲ ದಿನವೇ ಫೋನ್ ಬಿಸಿಯಾಯಿತು. ಶೇಕಡಾ 3ಕ್ಕೆ ಏರಿಸಿದೆ, ಆಗಲೂ ನಿಲ್ಲಲಿಲ್ಲ. ಮನೆಯವಳು ಈಗ ಅದನ್ನು ‘ನಿನ್ನ ಗಡಿಯಾರ’ ಅನ್ನುತ್ತಾಳೆ.

ನನ್ನ ಪ್ರಶ್ನೆ ಎರಡು. ಯಾವ ಸಂಖ್ಯೆ ಇಟ್ಟರೆ ಸರಿ? ವಿತ್‌ಡ್ರಾ ನಿಲ್ಲಿಸಿದ್ದಾರೆ ಅಂತ ಸ್ಕ್ರಿಪ್ಟ್‌ಗೆ ತಿಳಿಯುವುದು ಹೇಗೆ?

ಸುಮ್ನೆಒಬ್ಬ

ಇದು ಸುಲಭ ಗುರು. ಭಾರತದಲ್ಲಿ ಯುಎಸ್‌ಡಿಟಿ ಸಾಮಾನ್ಯವಾಗಿ ಡಾಲರ್‌ಗಿಂತ ದುಬಾರಿ. ಅದು ತೊಂದರೆಯಲ್ಲ, ಇಲ್ಲಿನ ಪದ್ಧತಿ. 2022ರ ಜುಲೈನಿಂದ ಪ್ರತಿ ಮಾರಾಟಕ್ಕೆ 1 ಪರ್ಸೆಂಟ್ ಟಿಡಿಎಸ್ ಇದೆ, ಮೇಲೆ 30 ಪರ್ಸೆಂಟ್ ತೆರಿಗೆ. ಹೊರಗೆ ಅಗ್ಗಕ್ಕೆ ಕೊಂಡು ಇಲ್ಲಿ ಮಾರಿ ವ್ಯತ್ಯಾಸ ಮುಚ್ಚುವವರು ಯಾರಿದ್ದಾರೆ? 8 ಪರ್ಸೆಂಟ್ ಇಟ್ಟು ಮಲಗು.

ವಿತ್‌ಡ್ರಾ ವಿಷಯಕ್ಕೆ ಎಕ್ಸ್‌ಚೇಂಜ್‌ಗಳೇ ಎಪಿಐ ಕೊಡುತ್ತವೆ. `true` ಬಂದರೆ ಬಾಗಿಲು ತೆರೆದಿದೆ, `false` ಬಂದರೆ ಮುಚ್ಚಿದೆ. ಅಷ್ಟೇ.

ಶಿರಸಿಯಡಿಕೆ

ಮೊದಲರ್ಧ ಸರಿ, ಪರಿಹಾರ ತಪ್ಪು. ಎರಡನೆಯದು ಅರ್ಧ ಸರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಏಳೆಂಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಒಂದು ಪೇಮೆಂಟ್ ಕಂಪನಿಯ ಖಜಾನೆ ವಿಭಾಗದಲ್ಲಿ.

ಕುಕ್ಕರಹಳ್ಳಿಯವರೇ, ನೀವು ಅಳೆಯುತ್ತಿರುವುದು ಯುಎಸ್‌ಡಿಟಿಯ ಆರೋಗ್ಯವನ್ನಲ್ಲ. ಭಾರತದೊಳಗೆ ಡಾಲರ್ ಸಿಗುವುದು ಎಷ್ಟು ಕಷ್ಟ ಅನ್ನುವುದನ್ನು. ಅದಕ್ಕೆ 8 ಪರ್ಸೆಂಟ್ ಇಟ್ಟರೆ ಗಡಿಯಾರ ಸುಮ್ಮನಾಗುತ್ತದೆ, ಆದರೆ ಯುಎಸ್‌ಡಿಟಿ ನಿಜವಾಗಿ 4 ಪರ್ಸೆಂಟ್ ಬಿದ್ದರೂ ಸುಮ್ಮನೇ ಇರುತ್ತದೆ. ಅಳತೆಯ ಬುಡ ಬದಲಾಯಿಸಬೇಕು. ನಿಜವಾದ ಡಾಲರ್ ಎದುರು ವ್ಯಾಪಾರವಾಗುವ ಕಡೆಯಿಂದ ಬೆಲೆ ತೆಗೆದುಕೊಳ್ಳಿ. ಕ್ರಾಕನ್ ಎಕ್ಸ್‌ಚೇಂಜ್‌ನಲ್ಲಿ ಯುಎಸ್‌ಡಿಟಿಗೂ ಅಂಥದ್ದೇ ಇನ್ನೊಂದು ಡಾಲರ್ ಕಾಯಿನ್ ಯುಎಸ್‌ಡಿಸಿಗೂ ಡಾಲರ್ ಜೋಡಿ ಇದೆ, ಎಪಿಐ ಕೀ ಬೇಡ:

```python
import ccxt
t = ccxt.kraken().fetch_ticker("USDT/USD")
mid = (t["bid"] + t["ask"]) / 2
print(round((mid - 1) * 100, 2))
```

ಕೊನೆಯ ವ್ಯಾಪಾರದ ಬೆಲೆ ಬೇಡ. ಕೊಳ್ಳುವವರ ಬೆಲೆ, ಮಾರುವವರ ಬೆಲೆ ಎರಡರ ನಡುವಿನದು ಬೇಕು. ಯಾರೋ ಒಬ್ಬ ಅವಸರದಲ್ಲಿ ಐವತ್ತು ಡಾಲರ್ ಅಗ್ಗಕ್ಕೆ ಮಾರಿದ್ದನ್ನು ನೋಡಿ ನೀವು ಎದ್ದು ಕೂರಬಾರದು. ಇಂಥ ಮೂರು ಜಾಗ ಹಿಡಿದು ಮಧ್ಯದ್ದನ್ನು ತೆಗೆದುಕೊಳ್ಳಿ. ಒಂದು ಎಚ್ಚರಿಕೆ: ಯುಎಸ್‌ಡಿಸಿಗೆ ಕಾಯಿನ್‌ಬೇಸ್ ಬಳಸಬೇಡಿ. ಅಲ್ಲಿ ಅದನ್ನೂ ಡಾಲರನ್ನೂ ಒಂದಕ್ಕೊಂದು ಸಮ ಅಂತಲೇ ಲೆಕ್ಕ ಹಿಡಿಯುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಅಲ್ಲಿ ಒಂದೇ ಡಾಲರ್.

ಮಾಮೂಲಿ ದಿನದಲ್ಲಿ ಈ ಎರಡೂ 0.1 ಪರ್ಸೆಂಟ್ ಆಚೀಚೆ ಆಡುತ್ತವೆ. ನಾವು 0.5 ಹತ್ತು ನಿಮಿಷ ನಿಂತರೆ ಮೆಸೇಜ್, 2 ಆದರೆ ಫೋನ್ ಕರೆ ಅಂತ ಇಟ್ಟಿದ್ದೆವು.

ಈಗ ಮುಖ್ಯ ವಿಷಯ. ಬೆಲೆ ಮತ್ತು ವಿತ್‌ಡ್ರಾ ಎರಡು ಬೇರೆ ಬೇರೆ ಅಲರ್ಟ್ ಅಲ್ಲ. ಒಂದು ಡಾಲರ್‌ನ ವಸ್ತು 97 ಸೆಂಟ್‌ಗೆ ಸಿಗುತ್ತಿದ್ದರೆ, ಕೊಂಡು ಬೇರೆ ಕಡೆ ಒಯ್ದು ಮಾರುವವರು ಕ್ಷಣದಲ್ಲಿ ಬರುತ್ತಾರೆ. ಅವರು ಬರುತ್ತಿಲ್ಲ ಅಂದರೆ ಎಲ್ಲೋ ಒಂದು ಬಾಗಿಲು ಮುಚ್ಚಿದೆ. ಯಾವ ಬಾಗಿಲು ಅನ್ನುವುದೇ ಪ್ರಶ್ನೆ.

ಲೆಕ್ಕದಮೇಷ್ಟ್ರು

ಚೆನ್ನಾಗಿದೆ. ನಾನು ಕ್ರಿಪ್ಟೋ ಮುಟ್ಟಿದವನಲ್ಲ, ಮಗ ಮುಟ್ಟಿ ಸುಟ್ಟುಕೊಂಡ. ಕುತೂಹಲಕ್ಕೆ ಕೇಳುತ್ತೇನೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನಲ್ಲಿ ತರಕಾರಿ ತುಟ್ಟಿ, ಹಾಸನದಲ್ಲಿ ಸೋವಿ. ದಾರಿ ಒಂದೇ, ಮುಚ್ಚಿದ್ದೂ ಒಂದೇ, ಆದರೆ ಬೆಲೆ ಎರಡು ದಿಕ್ಕಿಗೆ. ಇಲ್ಲೂ ಹಾಗೆಯೇ? ಬಾಗಿಲು ಮುಚ್ಚಿದರೆ ಬೆಲೆ ಬೀಳಲೇಬೇಕೆ?

ಶಿರಸಿಯಡಿಕೆ

ಮೇಷ್ಟ್ರೇ, ಇದಕ್ಕಿಂತ ಒಳ್ಳೆ ಹೋಲಿಕೆ ನನಗೆ ಸಿಕ್ಕಿರಲಿಲ್ಲ. ಹೌದು, ದಿಕ್ಕು ನೋಡಿದರೆ ಯಾವ ಬಾಗಿಲು ಅಂತ ತಿಳಿಯುತ್ತದೆ.

ಟೋಕಿಯೋದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ನೋಡಿ. 2013ರಲ್ಲಿ ಅಲ್ಲಿ ಡಾಲರ್ ವಿತ್‌ಡ್ರಾ ತಡವಾಗತೊಡಗಿತು. ಜನ ಡಾಲರ್ ಬಿಟ್ಟು ಬಿಟ್‌ಕಾಯಿನ್ ಕೊಂಡು ಅದನ್ನೇ ಹೊರಗೆ ಒಯ್ದರು. ಹಾಗಾಗಿ ಅಲ್ಲಿ ಬಿಟ್‌ಕಾಯಿನ್ ಬೇರೆ ಕಡೆಗಿಂತ ತುಟ್ಟಿ. 2014ರ ಫೆಬ್ರವರಿ 7ಕ್ಕೆ ಬಿಟ್‌ಕಾಯಿನ್ ಬಾಗಿಲನ್ನೂ ಮುಚ್ಚಿದರು. ಕೆಲವೇ ದಿನದಲ್ಲಿ ಅಲ್ಲಿನ ಬೆಲೆ ಹೊರಗಿನದರ ಅರ್ಧಕ್ಕೂ ಕೆಳಗೆ. ಆ ತಿಂಗಳ ಕೊನೆಗೆ ಕಂಪನಿ ದಿವಾಳಿ ಅರ್ಜಿ ಹಾಕಿತು.

ವಿತ್‌ಡ್ರಾ ನಿಂತಿದ್ದ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್‌ನಲ್ಲಿ ಇನ್ನೂ ವಿಚಿತ್ರ. 2022ರ ನವೆಂಬರ್ 10ಕ್ಕೆ ಟ್ರಾನ್ ಬ್ಲಾಕ್‌ಚೈನ್‌ನವರ ಜೊತೆ ಒಪ್ಪಂದವಾಗಿ, ಟಿಆರ್‌ಎಕ್ಸ್‌ನಂಥ ಕೆಲವು ಟೋಕನ್ ಮಾತ್ರ ಹೊರಗೆ ಹೋಗಬಹುದು ಅಂದರು. ಕೂಡಲೇ ಅಲ್ಲಿ ಟಿಆರ್‌ಎಕ್ಸ್ ಬೆಲೆ ಹೊರಗಿನದರ ಹಲವು ಪಟ್ಟು. ಟೋಕನ್ ಮೇಲೆ ಪ್ರೀತಿ ಇಟ್ಟು ಯಾರೂ ಕೊಳ್ಳಲಿಲ್ಲ, ಅದು ತೆರೆದಿದ್ದ ಒಂದೇ ಕಿಟಕಿ.

ಅದಕ್ಕೇ ವ್ಯತ್ಯಾಸಕ್ಕೆ `abs()` ಹಾಕಿ ದಿಕ್ಕನ್ನು ಕಳೆದುಕೊಳ್ಳಬೇಡಿ.

ಹುಬ್ಳಿಹಾಲಪ್ಪ

ನಮಸ್ಕಾರ್ರೀ. ನಂದೂ ವಿತ್‌ಡ್ರಾ ಸಮಸ್ಯೆ, ಇಲ್ಲೇ ಕೇಳ್ತೀನಿ. ಒಂದು ಎಕ್ಸ್‌ಚೇಂಜ್‌ನಿಂದ 900 ಯುಎಸ್‌ಡಿಟಿ ನನ್ನ ವ್ಯಾಲೆಟ್‌ಗೆ ಕಳಿಸೀನಿ, ಟಿಆರ್‌ಸಿ20 ನೆಟ್‌ವರ್ಕ್‌ನ್ಯಾಗ. ಮೂರು ದಿನ ಆತು, ‘ಪ್ರೊಸೆಸಿಂಗ್’ ಅಂತ ತೋರಸ್ತದ. ಟ್ರಾನ್ಸಾಕ್ಷನ್ ಹ್ಯಾಶ್ ಸುದ್ದಿ ಇಲ್ಲ. ಸಪೋರ್ಟ್‌ನವರು ‘ಪರಿಶೀಲನೆ’ ಅಂತಾರ. ಅವರ ಸ್ಟೇಟಸ್ ಪೇಜ್ ನೋಡಿದ್ರ ಎಲ್ಲಾ ಹಸಿರು. ನೆಟ್‌ವರ್ಕ್ ತಪ್ಪು ಹಾಕಿದೆನೋ ಏನೋ. ವಾಪಸ್ ತರಿಸೂದು ಹ್ಯಾಂಗ?

ಸುಮ್ನೆಒಬ್ಬ

ಅಣ್ಣಾ, ಇದು ಬೇರೆ ವಿಷಯ. ಬೇರೆ ಥ್ರೆಡ್ ಹಾಕು.

ಶಿರಸಿಯಡಿಕೆ

ಬೇರೆ ವಿಷಯ ಅಲ್ಲವೇ ಅಲ್ಲ. ನಿಮ್ಮ `true` ಗೆ ಉತ್ತರ ಇದೇ.

ಹಾಲಪ್ಪನವರೇ, ಹ್ಯಾಶ್ ಅಂದರೆ ಬ್ಲಾಕ್‌ಚೈನ್‌ನ ರಸೀದಿ ನಂಬರ್. ಅದು ಬಂದಿಲ್ಲ ಅಂದರೆ ದುಡ್ಡು ಅವರ ಮನೆಯಿಂದ ಹೊರಟೇ ಇಲ್ಲ. ನೆಟ್‌ವರ್ಕ್ ತಪ್ಪಾಗಿದ್ದರೆ ಹ್ಯಾಶ್ ಸಿಗುತ್ತಿತ್ತು, ದುಡ್ಡು ಮಾತ್ರ ಕಾಣುತ್ತಿರಲಿಲ್ಲ. ಟಿಕೆಟ್ ನಂಬರ್ ಇಟ್ಟುಕೊಂಡು ದಿನಾ ಕೇಳಿ. ಹೊಸದಾಗಿ ಅಲ್ಲಿಗೆ ದುಡ್ಡು ಹಾಕಬೇಡಿ. ‘ಬಿಡಿಸಿಕೊಡುತ್ತೇವೆ, ಮೊದಲು ಫೀಸು ಕಟ್ಟಿ’ ಅಂತ ಯಾರಾದರೂ ಮೆಸೇಜ್ ಮಾಡಿದರೆ ಅವರು ಕಳ್ಳರು.

ಬಾಗಿಲಿಗೆ ‘ತೆರೆದಿದೆ’ ಅಂತ ಬೋರ್ಡ್ ನೇತಾಡುತ್ತಿರುತ್ತದೆ, ಒಳಗೆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ. ಎಫ್‌ಟಿಎಕ್ಸ್‌ನಲ್ಲಿ ಆಗಿದ್ದೂ ಇದೇ. ನವೆಂಬರ್ 6ಕ್ಕೆ ಎದುರಾಳಿ ಎಕ್ಸ್‌ಚೇಂಜ್ ಬೈನಾನ್ಸ್‌ನ ಮುಖ್ಯಸ್ಥ ತಮ್ಮಲ್ಲಿದ್ದ ಎಫ್‌ಟಿಟಿ, ಅಂದರೆ ಎಫ್‌ಟಿಎಕ್ಸ್‌ನದೇ ಟೋಕನ್, ಮಾರುತ್ತೇವೆ ಅಂದರು. ಜನ ದುಡ್ಡು ತೆಗೆಯಲು ನುಗ್ಗಿದರು. 7ಕ್ಕೆ ಎಫ್‌ಟಿಎಕ್ಸ್ ಮುಖ್ಯಸ್ಥ ಎಲ್ಲ ಸರಿಯಾಗಿದೆ ಅಂದರು. 8ರ ಮಂಗಳವಾರ ಅವರ ವ್ಯಾಲೆಟ್‌ಗಳಿಂದ ಹೊರಗೆ ಹೋಗುತ್ತಿದ್ದ ವ್ಯವಹಾರಗಳೇ ನಿಂತವು. ಮೊದಲು ಕಂಡುಹಿಡಿದವರು ಬ್ಲಾಕ್‌ಚೈನ್ ನೋಡುತ್ತಾ ಕೂತಿದ್ದವರು. ಬಳಕೆದಾರರಿಗೆ ಕಾಣುತ್ತಿದ್ದದ್ದು ಹಾಲಪ್ಪನವರಿಗೆ ಕಾಣುತ್ತಿರುವಂಥದ್ದೇ: ವಿತ್‌ಡ್ರಾ ಕೇಳಿದರೆ ಒಪ್ಪಿಕೊಳ್ಳುತ್ತದೆ, ಆಮೇಲೆ ಕಾಯುತ್ತದೆ. 11ಕ್ಕೆ ದಿವಾಳಿ ಅರ್ಜಿ.

ಹಾಲಪ್ಪನವರ ಎಕ್ಸ್‌ಚೇಂಜ್ ಮುಳುಗುತ್ತಿದೆ ಅಂತ ನಾನು ಹೇಳುತ್ತಿಲ್ಲ. ಒಬ್ಬರ ಖಾತೆ ಪರಿಶೀಲನೆಗೆ ಸಿಕ್ಕಿಕೊಳ್ಳುವುದು ದಿನಾ ನಡೆಯುವುದೇ. ಒಬ್ಬರಿಗೋ ಎಲ್ಲರಿಗೋ ಅಂತ ತಿಳಿಯಬೇಕಾದರೆ ಎಪಿಐ ಸಾಲದು, ಆ ಎಕ್ಸ್‌ಚೇಂಜ್‌ನ ವ್ಯಾಲೆಟ್‌ನಿಂದ ಕೊನೆಯ ಬಾರಿ ದುಡ್ಡು ಹೊರಗೆ ಹೋಗಿ ಎಷ್ಟು ಹೊತ್ತಾಯಿತು ಅಂತ ನೋಡಬೇಕು. ದೊಡ್ಡ ಎಕ್ಸ್‌ಚೇಂಜ್‌ನ ಯುಎಸ್‌ಡಿಟಿ ವ್ಯಾಲೆಟ್ ನಿಮಿಷಕ್ಕೆ ಹಲವು ಸಲ ಕಳಿಸುತ್ತದೆ. ಅರ್ಧ ಗಂಟೆ ಮೌನ ಅಂದರೆ ಏಳಬೇಕು.

ಕೋಡ್‌ಕಟ್ಟೆ

ಇಲ್ಲಿ ಒಂದು ತಕರಾರು. ನಾನು ಸರ್ವರ್ ಕಾಯುವವಳು, ರಾತ್ರಿ ಎದ್ದು ಕೂರುವ ಕಷ್ಟ ಗೊತ್ತು.

ವ್ಯಾಲೆಟ್ ಮೌನ ಅನ್ನುವ ಅಲರ್ಟ್ ಅನ್ನು ನಾನೂ ಹಾಕಿದ್ದೆ. ಎರಡು ತಿಂಗಳಲ್ಲಿ ಆರು ಸಲ ಎಬ್ಬಿಸಿತು, ಆರೂ ಸುಳ್ಳು. ಎಕ್ಸ್‌ಚೇಂಜ್‌ನವರು ಹಳೇ ವ್ಯಾಲೆಟ್ ಬಿಟ್ಟು ಹೊಸದಕ್ಕೆ ಹೋಗಿರುತ್ತಾರೆ, ನಮಗೆ ಹೇಳುವುದಿಲ್ಲ. ವಿಳಾಸದ ಪಟ್ಟಿ ಕಾಯುವುದೇ ಒಂದು ನೌಕರಿ. ಮೈಸೂರಿನ ಒಬ್ಬ ಡಿಸೈನರ್‌ಗೆ ಇದು ಆಗುವ ಕೆಲಸವಾ ಸರ್?

ಎಪಿಐ ಪೂರ್ತಿ ದಂಡವೂ ಅಲ್ಲ, ಸರಿಯಾಗಿ ಓದಿದರೆ. ಮೂರು ಕಡೆ ಎಡವುತ್ತಾರೆ. ಕುಕ್ಕರಹಳ್ಳಿಯವರೇ, ನಿಮ್ಮದನ್ನು ಇವಕ್ಕೆ ಹಿಡಿದು ನೋಡಿ.

ಮೊದಲನೆಯದು, ಕಾಯಿನ್‌ಗೆ ಒಂದೇ ಬಾಗಿಲು ಅಂದುಕೊಳ್ಳುವುದು. ಪ್ರತಿ ನೆಟ್‌ವರ್ಕ್‌ಗೂ ಬೇರೆ ಬಾಗಿಲು. ಒಂದು ಚೈನ್ ಅಪ್‌ಗ್ರೇಡ್ ಇದ್ದರೆ ಅದೊಂದೇ ಮುಚ್ಚುತ್ತಾರೆ, ಅದು ಮಾಮೂಲಿ. ನಾಲ್ಕು ನೆಟ್‌ವರ್ಕ್ ಒಟ್ಟಿಗೆ ಮುಚ್ಚಿದರೆ ಮಾಮೂಲಿ ಅಲ್ಲ.

```python
import ccxt
nets = ccxt.kucoin().fetch_currencies()["USDT"]["networks"]
for name, n in nets.items():
    print(name, n.get("withdraw"))
```

ಕುಕಾಯಿನ್ ಇದನ್ನು ಕೀ ಇಲ್ಲದೆ ಕೊಡುತ್ತದೆ. ಬೈನಾನ್ಸ್‌ಗೆ ಕೀ ಬೇಕು, ಅಲ್ಲಿ `withdrawEnable` ಅಂತ ಬರುತ್ತದೆ. ಕೀ ಮಾಡುವಾಗ ಓದುವ ಅನುಮತಿ ಮಾತ್ರ ಕೊಡಿ.

ಎರಡನೆಯದು, ಮೇಲಿನ ಕೋಡ್‌ನಲ್ಲಿ ಕೆಲವೊಮ್ಮೆ `None` ಬರುತ್ತದೆ. ಅದರರ್ಥ ‘ಗೊತ್ತಿಲ್ಲ’. ಎಷ್ಟೋ ಸ್ಕ್ರಿಪ್ಟ್‌ಗಳು `if withdraw == False` ಅಂತ ಬರೆದು, ಗೊತ್ತಿಲ್ಲದ್ದನ್ನು ತೆರೆದಿದೆ ಅಂತ ಲೆಕ್ಕ ಹಾಕುತ್ತವೆ. ಎಪಿಐ ಉತ್ತರವನ್ನೇ ಕೊಡದಿದ್ದರೂ ಅದೇ ಕತೆ, ಎರರ್ ನುಂಗಿಕೊಂಡು ಮುಂದೆ ಹೋಗುತ್ತವೆ. ಗಲಾಟೆಯ ದಿನ ಮೊದಲು ಬೀಳುವುದೇ ಎಪಿಐ. ಉತ್ತರ ಇಲ್ಲದಿರುವುದನ್ನೂ ಸುದ್ದಿ ಅಂತ ತಿಳಿಯಿರಿ.

ಮೂರನೆಯದು ಹಳಸಿದ ಬೆಲೆ. ವ್ಯಾಪಾರ ನಿಲ್ಲಿಸಿದ ಮೇಲೂ ಕೆಲವು ಕಡೆ ಹಳೇ ಬೆಲೆಯನ್ನೇ ಕೊಡುತ್ತಾ ಇರುತ್ತಾರೆ. 1.000, 1.000, 1.000. ನೋಡಲು ಎಷ್ಟು ನೆಮ್ಮದಿ! ಸಮಯ ಪರೀಕ್ಷಿಸಿ, ಹತ್ತು ನಿಮಿಷದಿಂದ ಕೊನೇ ಅಂಕಿಯೂ ಕದಲದಿದ್ದರೆ ಆ ಜಾಗವನ್ನು ಲೆಕ್ಕದಿಂದ ತೆಗೆಯಿರಿ.

ಸುಮ್ನೆಒಬ್ಬ

ಸರಿ, ಒಪ್ಪಿದೆ. ಆದರೆ ನಮ್ಮ ದೇಶದ ಉದಾಹರಣೆ ತೆಗೆದುಕೊಳ್ಳಿ. 2024ರ ಜುಲೈ 18ಕ್ಕೆ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನ ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಅದೇ ದಿನ ರೂಪಾಯಿ, ಕ್ರಿಪ್ಟೋ ಎರಡೂ ವಿತ್‌ಡ್ರಾ ಬಂದ್. ಯುಎಸ್‌ಡಿಟಿಯ ಡಾಲರ್ ಬೆಲೆ ಜಗತ್ತಿನಲ್ಲಿ ಎಲ್ಲೂ ಅಲ್ಲಾಡಲಿಲ್ಲ. ಕ್ರಾಕನ್ ನೋಡುತ್ತಾ ಕೂತವನಿಗೆ ಏನು ಸಿಕ್ಕಿತು?

ಶಿರಸಿಯಡಿಕೆ

ಏನೂ ಸಿಗಲಿಲ್ಲ. ಒಳ್ಳೆ ಪ್ರಶ್ನೆ. ಕಾಯಿನ್‌ಗೆ ಜ್ವರ, ಜಾಗಕ್ಕೆ ಜ್ವರ, ಎರಡೂ ಬೇರೆ. ಹಾಗಾಗಿ ಎರಡು ಲೆಕ್ಕ ಬೇಕು. ಒಂದು, ಎಲ್ಲ ಕಡೆಯ ಮಧ್ಯದ ಬೆಲೆ ಡಾಲರ್‌ನಿಂದ ಎಷ್ಟು ದೂರ. ಇನ್ನೊಂದು, ನನ್ನ ಎಕ್ಸ್‌ಚೇಂಜ್ ಆ ಮಧ್ಯದ ಬೆಲೆಯಿಂದ ಎಷ್ಟು ದೂರ. ಭಾರತದ ಎಕ್ಸ್‌ಚೇಂಜ್ ಆದರೆ ಎರಡನೆಯದಕ್ಕೆ ಕ್ರಾಕನ್ ಬೇಡ, ಇಲ್ಲಿನದೇ ಇನ್ನೆರಡು ಎಕ್ಸ್‌ಚೇಂಜ್ ಸಾಕು. ರೂಪಾಯಿ ದರದ ಹೆಚ್ಚುವರಿ ಮೂರಕ್ಕೂ ಒಂದೇ ತೆರನಾಗಿ ಇರುವುದರಿಂದ ಅದು ಲೆಕ್ಕದಿಂದ ಹೊರಟುಹೋಗುತ್ತದೆ. ಮೂರರಲ್ಲಿ ನಿಮ್ಮದೊಂದೇ ಎರಡು ಪರ್ಸೆಂಟ್ ಸರಿದರೆ ಅದು ಸುದ್ದಿ.

ಆದರೆ ಕಳ್ಳತನದ ವಿಷಯದಲ್ಲಿ ಮುನ್ಸೂಚನೆ ಇರುವುದಿಲ್ಲ. ನಿಮ್ಮ ಮಾತು ಸರಿ.

ಕೋಡ್‌ಕಟ್ಟೆ

ಜಾಗಕ್ಕೆ ಜ್ವರ ಅನ್ನುವುದಕ್ಕೆ ನನ್ನ ಬಳಿ ಹೊಸ ಉದಾಹರಣೆ ಇದೆ. 2025ರ ಅಕ್ಟೋಬರ್ 11, ನಮ್ಮ ಲೆಕ್ಕದಲ್ಲಿ ಬೆಳಗಿನ ಜಾವ. ಯುಎಸ್‌ಡಿಇ ಅನ್ನುವ ಇನ್ನೊಂದು ಡಾಲರ್ ಕಾಯಿನ್ ಬೈನಾನ್ಸ್‌ನಲ್ಲಿ ಸುಮಾರು 65 ಸೆಂಟ್‌ಗೆ ಬಿತ್ತು. ಅದೇ ಹೊತ್ತಿಗೆ ಬ್ಲಾಕ್‌ಚೈನ್ ಮೇಲಿನ ಮಾರುಕಟ್ಟೆ ಕರ್ವ್‌ನಲ್ಲಿ ಡಾಲರ್ ಹತ್ತಿರವೇ ಇತ್ತು. ಬೈನಾನ್ಸ್ ಒಂದನ್ನೇ ನೋಡುವ ಸ್ಕ್ರಿಪ್ಟ್ ‘ಕಾಯಿನ್ ಮುಳುಗಿತು’ ಅಂತ ಕೂಗಿತು. ಹಾಗೆ ನಂಬಿ 65ಕ್ಕೆ ಮಾರಿದವರ ಪಾಡು ಬೇಡ. ಅಲ್ಲಿನ ಅಡಮಾನದ ಲೆಕ್ಕವೂ ಅಲ್ಲಿನದೇ ಬೆಲೆ ಹಿಡಿದಿದ್ದರಿಂದ ಎಷ್ಟೋ ಜನರ ಖಾತೆಯಲ್ಲಿದ್ದದ್ದು ತಾನಾಗಿ ಮಾರಾಟವಾಯಿತು. ಬೈನಾನ್ಸ್ ಆಮೇಲೆ 28 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಟ್ಟಿತು.

ಲೆಕ್ಕದಮೇಷ್ಟ್ರು

ಹಾಗಾದರೆ ಕಾಯಿನ್‌ಗೇ ಜ್ವರ ಬಂದದ್ದು ಯಾವಾಗ? ಶಿರಸಿಯವರೇ, ನೀವು ಕಂಡಿದ್ದನ್ನು ಹೇಳಿ.

ಶಿರಸಿಯಡಿಕೆ

2023ರ ಮಾರ್ಚ್. ನಾನಾಗ ಸಿಂಗಪುರದಲ್ಲಿದ್ದೆ. ಶುಕ್ರವಾರ, 10ನೇ ತಾರೀಕು, ಅಮೆರಿಕದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿಸಿದರು. ಯುಎಸ್‌ಡಿಸಿ ಹೊರಡಿಸುವ ಸರ್ಕಲ್ ಕಂಪನಿಯ ಸ್ವಲ್ಪ ದುಡ್ಡು ಅಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಎಷ್ಟು ಅಂತ ಗೊತ್ತಿಲ್ಲ. ನಮಗೆ ಶನಿವಾರ ಬೆಳಿಗ್ಗೆ ಸರ್ಕಲ್ ಬಾಯಿಬಿಟ್ಟಿತು: ಸುಮಾರು 4,000 ಕೋಟಿ ಡಾಲರ್ ಮೀಸಲಿನಲ್ಲಿ 330 ಕೋಟಿ ಅಲ್ಲಿ ಸಿಕ್ಕಿಕೊಂಡಿದೆ.

ಲೆಕ್ಕ ಹಾಕಿ ಮೇಷ್ಟ್ರೇ. ಆ ದುಡ್ಡು ಪೂರ್ತಿ ಹೋದರೂ ಶೇಕಡಾ 8ರಷ್ಟು ನಷ್ಟ. ಕಾಯಿನ್ 92 ಸೆಂಟ್ ಬಾಳುತ್ತದೆ. ಆದರೆ ಆ ಮಧ್ಯಾಹ್ನ ಬೆಲೆ 88 ಸೆಂಟ್ ಮುಟ್ಟಿತು. ಯಾಕೆ?

ಬಾಗಿಲು. ಸರ್ಕಲ್‌ಗೆ ಯುಎಸ್‌ಡಿಸಿ ಕೊಟ್ಟು ಡಾಲರ್ ತೆಗೆದುಕೊಳ್ಳಬೇಕಾದರೆ ಬ್ಯಾಂಕ್ ತೆರೆದಿರಬೇಕು. ಶನಿವಾರ, ಭಾನುವಾರ ಬ್ಯಾಂಕ್ ಇಲ್ಲ. ಕಾಯಿನ್‌ಬೇಸ್ ಕೂಡ ಯುಎಸ್‌ಡಿಸಿಯನ್ನು ಡಾಲರ್ ಮಾಡುವುದನ್ನು ಸೋಮವಾರದವರೆಗೆ ನಿಲ್ಲಿಸಿತು. ಅಗ್ಗಕ್ಕೆ ಕೊಂಡು ಡಾಲರ್‌ಗೆ ಕೊಡುವವರ ದಾರಿ ಎರಡು ದಿನ ಬಂದ್. ಇನ್ನು ತಮಾಷೆ ನೋಡಿ. ಆ ಹೊತ್ತಿನಲ್ಲಿ ನಮ್ಮ ವಿತ್‌ಡ್ರಾ ಪಟ್ಟಿಯಲ್ಲಿ ಯುಎಸ್‌ಡಿಸಿ ಸಾಲು ಪೂರ್ತಿ ಹಸಿರು. ವ್ಯಾಲೆಟ್‌ನಿಂದ ವ್ಯಾಲೆಟ್‌ಗೆ ಆರಾಮಾಗಿ ಹೋಗುತ್ತಿತ್ತು. ಮುಚ್ಚಿದ್ದ ಬಾಗಿಲು ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ನಮ್ಮ ಇನ್ನೊಂದು ಅಲರ್ಟ್ ಅಂದು ದಾರಿ ತಪ್ಪಿಸಿತು. ಯುಎಸ್‌ಡಿಟಿಯೂ ಹೊಡೆದುಕೊಂಡಿತು. ಒಬ್ಬ ಹುಡುಗ ‘ಎರಡೂ ಮುಳುಗುತ್ತಿವೆ’ ಅಂತ ಮ್ಯಾನೇಜರ್‌ಗೆ ಫೋನ್ ಮಾಡಿಬಿಟ್ಟ. ನೋಡಿದರೆ ಯುಎಸ್‌ಡಿಟಿ ಒಂದು ಡಾಲರ್‌ಗಿಂತ ಮೇಲಿತ್ತು, ಜನ ಅದರೊಳಗೆ ಓಡುತ್ತಿದ್ದರು. `abs()` ಬೇಡ ಅಂದಿದ್ದು ಅದಕ್ಕೇ. ಡಾಯ್ ಅನ್ನುವ ಡಾಲರ್ ಕಾಯಿನ್ ಮಾತ್ರ ಯುಎಸ್‌ಡಿಸಿ ಜೊತೆ ಬಿತ್ತು, ಅದರ ಅಡಮಾನದಲ್ಲಿ ದೊಡ್ಡ ಪಾಲು ಯುಎಸ್‌ಡಿಸಿಯೇ ಇತ್ತು.

ಭಾನುವಾರ ಸಂಜೆ ಅಮೆರಿಕ ಸರಕಾರ ಎಲ್ಲ ಠೇವಣಿದಾರರಿಗೂ ಪೂರ್ತಿ ದುಡ್ಡು ಸಿಗುತ್ತದೆ ಅಂದಿತು. ಸೋಮವಾರ ಬೆಲೆ ಮತ್ತೆ ಡಾಲರ್ ಹತ್ತಿರ. ನಾವು ಮಾರಲಿಲ್ಲ. ಜಾಣತನ ಅನ್ನಬೇಡಿ, ಆ ಮೊತ್ತವನ್ನು ಆ ದಿನ ಒಳ್ಳೆ ಬೆಲೆಗೆ ಕೊಳ್ಳುವವರು ಇರಲಿಲ್ಲ.

ಅದಾದ ಮೇಲೆ ಪಟ್ಟಿಗೆ ಒಂದು ಸಾಲು ಸೇರಿಸಿದೆವು: ಅಮೆರಿಕದ ಬ್ಯಾಂಕ್ ಈಗ ತೆರೆದಿದೆಯೇ? ಶುಕ್ರವಾರ ಸಂಜೆಯ ನಂತರ 0.5 ಇದ್ದ ಗಡಿಯನ್ನು 0.3ಕ್ಕೆ ಇಳಿಸುತ್ತಿದ್ದೆವು.

ಕೋಡ್‌ಕಟ್ಟೆ

0.3 ಸಣ್ಣದಾಯಿತು. ವಾರಾಂತ್ಯದಲ್ಲಿ ವ್ಯಾಪಾರ ಕಡಿಮೆ, ಸುಮ್ಮನೆ ಅಲ್ಲಾಡುತ್ತದೆ. ನಾನಾದರೆ ಗಡಿ ಅಲ್ಲೇ ಬಿಟ್ಟು, ಹತ್ತು ನಿಮಿಷದ ಬದಲು ಮೂರು ನಿಮಿಷ ನಿಂತರೆ ಸಾಕು ಅನ್ನುತ್ತೇನೆ.

ಶಿರಸಿಯಡಿಕೆ

ನಿಮಗೆ ನಿದ್ದೆ ಮುಖ್ಯ, ನನಗೆ ದುಡ್ಡು ಮುಖ್ಯ. ನಗು ಬಂತು, ಆದರೆ ನಿಜ. ಇದನ್ನು ಮೊತ್ತ ನೋಡಿ ತೀರ್ಮಾನಿಸಬೇಕು.

ಕುಕ್ಕರಹಳ್ಳಿಕೆರೆ

ಎರಡು ವಾರ ಬಿಟ್ಟು ಬರುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ರೂಪಾಯಿ ದರ ಕಿತ್ತು ಹಾಕಿದೆ. ಈಗ ಎರಡು ಲೆಕ್ಕ ಓಡುತ್ತಿವೆ. ಮೂರು ಡಾಲರ್ ಜೋಡಿಗಳ ಮಧ್ಯದ ಬೆಲೆ ಒಂದು, ನನ್ನ ಎಕ್ಸ್‌ಚೇಂಜನ್ನು ಇಲ್ಲಿನ ಇನ್ನೆರಡರ ಜೊತೆ ಹೋಲಿಸುವುದು ಇನ್ನೊಂದು. ಹದಿನಾಲ್ಕು ದಿನದಲ್ಲಿ ಮೊದಲನೆಯದು ಒಮ್ಮೆಯೂ ಕೂಗಲಿಲ್ಲ. ಎರಡನೆಯದು ಒಂದು ಸಲ ಕೂಗಿತು, ನೋಡಿದರೆ ಒಂದು ಎಕ್ಸ್‌ಚೇಂಜ್‌ನ ಬೆಲೆ ನಲವತ್ತು ನಿಮಿಷದಿಂದ ಕದಲಿರಲಿಲ್ಲ. ಕೋಡ್‌ಕಟ್ಟೆ ಮೇಡಂ ಹೇಳಿದ ಹಳಸಿದ ಬೆಲೆ! ಅದನ್ನೂ ಸರಿಮಾಡಿದೆ.

ಉಳಿದಿರುವುದು ವಿತ್‌ಡ್ರಾ. ನನ್ನ ಎಕ್ಸ್‌ಚೇಂಜ್ ನೆಟ್‌ವರ್ಕ್ ಸ್ಥಿತಿಯನ್ನು ಎಪಿಐನಲ್ಲಿ ಕೊಡುವುದಿಲ್ಲ. ವ್ಯಾಲೆಟ್ ವಿಳಾಸವೂ ಗೊತ್ತಿಲ್ಲ.

ಶಿರಸಿಯಡಿಕೆ

ಹಾಗಿದ್ದರೆ ಹಳೇ ವಿಧಾನ. ವಾರಕ್ಕೊಮ್ಮೆ ಕನಿಷ್ಠ ಮೊತ್ತ ನಿಮ್ಮ ವ್ಯಾಲೆಟ್‌ಗೆ ತೆಗೆಯಿರಿ, ಸ್ವಲ್ಪ ರೂಪಾಯಿ ಬ್ಯಾಂಕಿಗೆ ತೆಗೆಯಿರಿ. ಒತ್ತಿದ ಸಮಯ, ಹ್ಯಾಶ್ ಬಂದ ಸಮಯ ಬರೆದಿಡಿ. ನಾಲ್ಕು ನಿಮಿಷ, ಐದು ನಿಮಿಷ, ನಾಲ್ಕು ನಿಮಿಷ ಅಂತ ಬರುತ್ತಿದ್ದದ್ದು ಒಂದು ವಾರ ಆರು ಗಂಟೆ ಆದರೆ ಯಾವ ಎಪಿಐಯೂ ಬೇಡ. ಫೀಸು ಹೋಗುತ್ತದೆ, ಅದನ್ನು ಕಾವಲುಗಾರನ ಸಂಬಳ ಅಂದುಕೊಳ್ಳಿ. ಹತ್ತು ಡಾಲರ್ ಬೇಗ ಬಿಟ್ಟು ಹತ್ತು ಸಾವಿರ ತಡೆಯುವ ಸಾಧ್ಯತೆ ಇದ್ದೇ ಇದೆ, ಅದು ಈ ಪರೀಕ್ಷೆಗೆ ಕಾಣುವುದಿಲ್ಲ.

ಸುಮ್ನೆಒಬ್ಬ

ನನಗಿನ್ನೂ ಒಂದು ಅನುಮಾನ. ಎಫ್‌ಟಿಎಕ್ಸ್‌ನಿಂದ ದುಡ್ಡು ತೆಗೆದವರು 6, 7ರಂದೇ ತೆಗೆದರು. ಆಗ ಯುಎಸ್‌ಡಿಟಿ ಸರಿಯಾಗಿತ್ತು, ವಿತ್‌ಡ್ರಾ ತೆರೆದಿತ್ತು. ಇವೆಲ್ಲ ಕೂಗುವ ಹೊತ್ತಿಗೆ ಬಸ್ಸು ಹೋಗಿರುತ್ತದೆ ಅಲ್ವಾ? ಎರಡು ಮೂರು ವಾರ ಇಡುವುದನ್ನೇ ಬಿಟ್ಟರೆ ಆಗದೇ?

ಕುಕ್ಕರಹಳ್ಳಿಕೆರೆ

ಆಗುತ್ತದೆ. ಈ ತಿಂಗಳಿಂದ ಬಂದ ದಿನವೇ ರೂಪಾಯಿ ಮಾಡುತ್ತಿದ್ದೇನೆ. ಸ್ಕ್ರಿಪ್ಟ್ ಮಾತ್ರ ಬಿಡಲು ಮನಸ್ಸಿಲ್ಲ, ಅಷ್ಟು ಕಷ್ಟಪಟ್ಟಿದ್ದೇನೆ.

ಹುಬ್ಳಿಹಾಲಪ್ಪ

ನನ್ನ 900 ಬಂತ್ರೀ, ಒಂಬತ್ತನೇ ದಿನಕ್ಕ. ಯಾಕ ತಡ ಆತು ಅಂತ ಯಾರೂ ಹೇಳಲಿಲ್ಲ. ಸ್ಟೇಟಸ್ ಪೇಜ್ ಅವತ್ತೂ ಹಸಿರು, ಇವತ್ತೂ ಹಸಿರು.